ಗೆಳತಿಗೆ ಮೆಸೇಜ್: ಯಾವುದರ ಪಾಲು?

‘ಪುಣೆಯಲ್ಲಿ ನಾವು ಮೂವರು ಬಿಡುವಿನಲ್ಲಿ ಗೇಮ್ ಮಾಡ್ತಿದ್ದೇವೆ. ಚಿತ್ರ ಬಿಡಿಸುವ ಗೆಳತಿಯನ್ನು ಸಂಬಳವಿಲ್ಲದೆ ಹೇಗೆ ಕರೆಯಲಿ?’

‘ಸಮಪಾಲು’ ಅಂತ ಸುಮ್ನೆ ಬರೆಯಬೇಡಿ, ಲೆಕ್ಕ ಬಿಡಿಸಿ ಹೇಳಿ. ನಾನಾದರೆ ಹೀಗೆ ಬರೆಯುತ್ತೇನೆ:

‘ಕೋಥ್ರೂಡ್‌ಗೆ ಬಂದಾಗ ತೋರಿಸಿದ್ದೆವಲ್ಲ, ಆ ಗೇಮ್‌ಗೆ 12 ಹಿನ್ನೆಲೆ ಚಿತ್ರ ಬೇಕು. ವಾರಕ್ಕೆ 5 ಗಂಟೆ, 12 ವಾರ. ಈಗ ದುಡ್ಡಿಲ್ಲ, ಮುಂದೆಯೂ ಬರದೇ ಇರಬಹುದು. ಬಂದರೆ ಗಂಟೆ ಲೆಕ್ಕದಲ್ಲಿ ಹಂಚೋಣ. ನಮ್ಮ ಮೂವರದು 240, ನಿನ್ನದು 60, ಅಂದರೆ ಐದರಲ್ಲೊಂದು ಪಾಲು. ಲಕ್ಷ ರೂಪಾಯಿ ಮಾರಾಟವಾದರೆ ಗೇಮ್ ಮಾರುವ ತಾಣ ಸ್ಟೀಮ್ 30% ಹಿಡಿಯುತ್ತದೆ. ಉಳಿದ 70,000ದಲ್ಲಿ ತೆರಿಗೆ, ಖರ್ಚಿಗೆ 10,000 ಹೋಯ್ತು ಅಂದುಕೋ, ನಿನಗೆ 12,000. ಮಧ್ಯೆ ಬಿಟ್ಟರೂ ದುಡಿದ ಗಂಟೆ ನಿನ್ನದೇ. ಆಗಲ್ಲ ಅಂದ್ರೂ ಬೇಜಾರಿಲ್ಲ.’

ಒಪ್ಪಿದರೆ ಚಿತ್ರಗಳ ಹಕ್ಕನ್ನು ನಿಮಗೆ ಕೊಟ್ಟಿದ್ದಾಳೆ ಅಂತ ಕಾಗದದಲ್ಲಿ ಬರೆದು ಸಹಿ ಹಾಕಿಸಿ. ಅವಧಿ, ಪ್ರದೇಶ ಬರೆಯದಿದ್ದರೆ ನಮ್ಮ ಕಾನೂನಿನಲ್ಲಿ ಆ ಹಕ್ಕು 5 ವರ್ಷ, ಭಾರತಕ್ಕೆ ಮಾತ್ರ.