‘ಮಾಡಿದ್ದೇವೆ’ ಮತ್ತು ‘ಮಾಡುತ್ತಾ ಬಂದಿದ್ದೇವೆ’: ಹೂದಾನಿಯ ಇಮೇಲಿನಲ್ಲಿ ಎಡವಿದ ಇಂಗ್ಲಿಷ್

ಪ್ರಶ್ನೆ: ನಮ್ಮ ತಂದೆಯವರು ಬೀದರಿನಲ್ಲಿ ಬಿದ್ರಿ ಕೆಲಸ ಮಾಡುತ್ತಾರೆ. ಹೊರರಾಜ್ಯದ ಗಿರಾಕಿಗಳಿಗೆ ಇಂಗ್ಲಿಷಿನಲ್ಲಿ ಇಮೇಲ್ ಬರೆಯುವುದು ನನ್ನ ಪಾಲಿನ ಕೆಲಸ. ಒಂದು ಹೂದಾನಿಯ ಬಗ್ಗೆ ‘ವಿ ಹ್ಯಾವ್ ಮೇಡ್ ಯುವರ್ ವಾಸ್ ಫಾರ್ ಟ್ವೆಂಟಿ ಡೇಸ್’ ಎಂದು ಬರೆದೆ. ‘ಸಂತೋಷ, ಕಳಿಸಿಕೊಡಿ’ ಎಂದು ಉತ್ತರ ಬಂತು. ಆದರೆ ಬೆಳ್ಳಿ ತಂತಿ ಕೂರಿಸುವ ಕೆಲಸ ಇನ್ನೂ ಅರ್ಧ ಉಳಿದಿದೆ. ‘ಹ್ಯಾವ್ ಬೀನ್ ಮೇಕಿಂಗ್’ ಎಂದು ಬರೆಯಬೇಕಿತ್ತು ಎನ್ನುತ್ತಾನೆ ಗೆಳೆಯ. ಎರಡರಲ್ಲೂ ‘ಹ್ಯಾವ್’ ಇದೆಯಲ್ಲ, ನನ್ನದು ಏಕೆ ತಪ್ಪಾಯಿತು?
— ಓದುಗರು, ಬೀದರ್

ಉತ್ತರ: ನಿಮ್ಮ ಗೆಳೆಯರು ಹೇಳಿದ್ದು ಸರಿ. ಗಿರಾಕಿಯದೂ ತಪ್ಪಿಲ್ಲ. ಅವರ ಕಣ್ಣಿಗೆ ಮೊದಲು ಬಿದ್ದದ್ದು ‘ವಿ ಹ್ಯಾವ್ ಮೇಡ್ ಯುವರ್ ವಾಸ್’ ಎಂಬ ಐದು ಪದಗಳು, ಮತ್ತು ಆ ಐದು ಪದಗಳಿಗೆ ಇಂಗ್ಲಿಷಿನಲ್ಲಿ ಇರುವುದು ಒಂದೇ ಅರ್ಥ: ನಿಮ್ಮ ಹೂದಾನಿ ತಯಾರಾಗಿದೆ. ಅದರ ಬಾಲದಲ್ಲಿ ಬಂದ ‘ಫಾರ್ ಟ್ವೆಂಟಿ ಡೇಸ್’ ಆ ವಾಕ್ಯಕ್ಕೆ ಹೊಂದುವುದೇ ಇಲ್ಲವಾದ್ದರಿಂದ, ‘ಇಪ್ಪತ್ತು ದಿನ ಹಿಡಿಯಿತು ಎಂದು ಹೇಳಲು ಹೊರಟಿದ್ದಾರೆ’ ಎಂದು ಅವರು ತಾವೇ ಸರಿಪಡಿಸಿಕೊಂಡು ಓದಿರಬೇಕು.

ಈ ಭೇದ ಕನ್ನಡಕ್ಕೆ ಹೊಸದಲ್ಲ. ‘ಹೂದಾನಿ ಮಾಡಿದ್ದೇವೆ’ ಎಂದಾಗ ಕೇಳುವವರ ಗಮನ ಕೈಗೆ ಬಂದ ವಸ್ತುವಿನ ಮೇಲೆ ನಿಲ್ಲುತ್ತದೆ. ‘ಇಪ್ಪತ್ತು ದಿನದಿಂದ ಹೂದಾನಿ ಮಾಡುತ್ತಾ ಬಂದಿದ್ದೇವೆ’ ಎಂದಾಗ ಗಮನ ಕಳೆದ ದಿನಗಳ ಮೇಲೆ ಹರಿಯುತ್ತದೆ, ವಸ್ತು ಮುಗಿಯಿತೇ ಇಲ್ಲವೇ ಎಂಬುದನ್ನು ವಾಕ್ಯ ಹೇಳುವುದಿಲ್ಲ. ಮೊದಲನೆಯದು ಪ್ರೆಸೆಂಟ್ ಪರ್ಫೆಕ್ಟ್, ಎರಡನೆಯದು ಪ್ರೆಸೆಂಟ್ ಪರ್ಫೆಕ್ಟ್ ಕಂಟಿನ್ಯೂಯಸ್. ತೊಡಕು ಬರುವುದು ನಾವು ದಿನಬಳಕೆಯಲ್ಲಿ ‘ಮಾಡುತ್ತಾ ಬಂದಿದ್ದೇವೆ’ ಎಂಬ ಉದ್ದನೆಯ ರೂಪವನ್ನು ಬಿಟ್ಟು ‘ಇಪ್ಪತ್ತು ದಿನದಿಂದ ಮಾಡುತ್ತಿದ್ದೇವೆ’ ಎಂದು ಮುಗಿಸಿಬಿಡುವುದರಿಂದ. ಅದನ್ನೇ ಹಾಗೆಯೇ ಇಂಗ್ಲಿಷಿಗೆ ಇಳಿಸಿದವರು ‘ವಿ ಆರ್ ಮೇಕಿಂಗ್ ಸಿನ್ಸ್ ಟ್ವೆಂಟಿ ಡೇಸ್’ ಎಂದು ಬರೆಯುತ್ತಾರೆ. ಅದು ತಪ್ಪೆಂದು ಶಾಲೆಯಲ್ಲಿ ಕಲಿತವರು ‘ಹ್ಯಾವ್’ ಸೇರಿಸಬೇಕೆಂದು ನೆನಪಿಟ್ಟುಕೊಂಡು, ನಡುವಿನ ‘ಬೀನ್’ ಅನ್ನು ಮರೆತು, ನೀವು ನಿಂತ ಜಾಗದಲ್ಲಿ ಬಂದು ನಿಲ್ಲುತ್ತಾರೆ. ಬರೆಯುವ ಮುನ್ನ ನಿಮ್ಮ ಕನ್ನಡ ವಾಕ್ಯದಲ್ಲಿ ‘ಮಾಡುತ್ತಿದ್ದೇವೆ’ ಇದ್ದ ಕಡೆ ‘ಮಾಡುತ್ತಾ ಬಂದಿದ್ದೇವೆ’ ಎಂದು ಇಟ್ಟು ನೋಡಿ. ಅರ್ಥ ಕೆಡದೆ ಕೂತರೆ ಇಂಗ್ಲಿಷಿನಲ್ಲಿ ಬೇಕಾದದ್ದು ಬಹುಮಟ್ಟಿಗೆ ‘ಹ್ಯಾವ್ ಬೀನ್’ ರೂಪವೇ.

ಆದರೂ ‘ಹ್ಯಾವ್ ಮೇಡ್’ ಜೊತೆ ‘ಫಾರ್ ಟ್ವೆಂಟಿ ಡೇಸ್’ ಏಕೆ ಕೂರುವುದಿಲ್ಲ ಎಂಬುದನ್ನು ತಿಳಿಯಬೇಕಾದರೆ ಕ್ರಿಯಾಪದದ ಸ್ವಭಾವವನ್ನು ನೋಡಬೇಕು. ಇದಕ್ಕೆ ನಿಮ್ಮ ಮನೆಯ ಕೆಲಸಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಹೊಳೆಯುತ್ತಿಲ್ಲ. ಸತು ಹೆಚ್ಚು, ತಾಮ್ರ ಕಡಿಮೆ ಇರುವ ಮಿಶ್ರಲೋಹವನ್ನು ಎರಕ ಹೊಯ್ಯುವುದು, ಅರದಿಂದ ಉಜ್ಜಿ ನಯ ಮಾಡುವುದು, ಗೆರೆ ಕಾಣಲೆಂದು ಮೈಲುತುತ್ತದ ನೀರು ಸವರಿ ಮೈಯನ್ನು ತಾತ್ಕಾಲಿಕವಾಗಿ ಕಪ್ಪಾಗಿಸುವುದು, ಉಳಿಯಿಂದ ಚಿತ್ತಾರ ಕೆತ್ತುವುದು, ಆ ಗೆರೆಗಳಲ್ಲಿ ಬೆಳ್ಳಿ ತಂತಿ ಕೂರಿಸಿ ಬಡಿಯುವುದು, ಮತ್ತೆ ನಯ ಮಾಡುವುದು, ಕೊನೆಗೆ ನವಸಾರ ಬೆರೆಸಿದ ಬೀದರ್ ಕೋಟೆಯ ಮಣ್ಣನ್ನು ತಿಕ್ಕಿ ಲೋಹಕ್ಕೆ ಶಾಶ್ವತ ಕಪ್ಪು ಬರಿಸುವುದು. ‘ಹೂದಾನಿ ಮಾಡುವುದು’ ಎಂಬ ಕ್ರಿಯೆ ಈ ಎಲ್ಲ ಹಂತಗಳನ್ನು ದಾಟಿ ಒಂದು ಗಡಿಯನ್ನು ಮುಟ್ಟಿದಾಗ ಮಾತ್ರ ಪೂರ್ಣವಾಗುತ್ತದೆ. ಆ ಗಡಿ ಮುಟ್ಟಿದ್ದು ಒಂದು ಕ್ಷಣ, ಆ ಕ್ಷಣವನ್ನು ಇಪ್ಪತ್ತು ದಿನ ಎಳೆಯಲು ಬರುವುದಿಲ್ಲ. ‘ಹ್ಯಾವ್ ಮೇಡ್’ ಹೇಳುವುದು ಆ ಗಡಿಯನ್ನು ಮುಟ್ಟಿದ ಸಂಗತಿಯನ್ನು, ಆದ್ದರಿಂದಲೇ ‘ಫಾರ್’ ಅದರ ಪಕ್ಕದಲ್ಲಿ ಪರಕೀಯವಾಗಿ ಕಾಣುತ್ತದೆ. ‘ಹ್ಯಾವ್ ಬೀನ್ ಮೇಕಿಂಗ್’ ಗಡಿಯ ಈಚೆಗಿನ ದಾರಿಯನ್ನು ಹೇಳುತ್ತದೆ, ದಾರಿಗೆ ಉದ್ದವಿದೆ, ಅದನ್ನು ದಿನಗಳಲ್ಲಿ ಅಳೆಯಬಹುದು. ಅದೇ ‘ಕೆಲಸ ಮಾಡು’ ಎಂಬ ಕ್ರಿಯೆಗೆ ಸ್ವಂತದ ಗಡಿ ಇಲ್ಲ. ಹಾಗಾಗಿ ‘ಹಿ ಹ್ಯಾಸ್ ವರ್ಕ್ಡ್ ಇನ್ ದಿಸ್ ಶಾಪ್ ಫಾರ್ ಥರ್ಟಿ ಇಯರ್ಸ್’ ಎಂಬ ವಾಕ್ಯವನ್ನು ಯಾರೂ ತಪ್ಪೆನ್ನುವುದಿಲ್ಲ. ‘ಹ್ಯಾಸ್ ಬೀನ್ ವರ್ಕಿಂಗ್’ ಎಂದರೂ ನಡೆಯುತ್ತದೆ, ಅರ್ಥದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಬಹಳ ಕಾಲದ ನೆಲೆಯೂರಿದ ಸ್ಥಿತಿಗೆ ಮೊದಲನೆಯದು, ಸದ್ಯಕ್ಕೆ ನಡೆದಿರುವ ತಾತ್ಕಾಲಿಕ ಸ್ಥಿತಿಗೆ ಎರಡನೆಯದು ಸ್ವಲ್ಪ ಹೆಚ್ಚು ಒಪ್ಪುತ್ತದೆ, ಅಷ್ಟೇ.

ಇನ್ನೊಂದು ಗುರುತು ಲೆಕ್ಕ. ಎಷ್ಟು ಹೊತ್ತು ಎಂಬ ಪ್ರಶ್ನೆಗೆ ‘ಬೀನ್’ ಇರುವ ರೂಪ ಉತ್ತರ ಕೊಡುತ್ತದೆ, ಎಷ್ಟು ಮುಗಿಯಿತು ಎಂಬ ಪ್ರಶ್ನೆಗೆ ‘ಬೀನ್’ ಇಲ್ಲದ ರೂಪ. ‘ಬೆಳಿಗ್ಗೆಯಿಂದ ತಂತಿ ಕೂರಿಸುತ್ತಾ ಬಂದಿದ್ದಾರೆ’ ಎಂಬುದಕ್ಕೆ ‘ಹಿ ಹ್ಯಾಸ್ ಬೀನ್ ಇನ್‌ಲೇಯಿಂಗ್ ವೈರ್ ಸಿನ್ಸ್ ಮಾರ್ನಿಂಗ್’. ‘ಬೆಳಿಗ್ಗೆಯಿಂದ ನಾಲ್ಕು ಹೂವಿಗೆ ತಂತಿ ಕೂರಿಸಿದ್ದಾರೆ’ ಎಂಬುದಕ್ಕೆ ‘ಹಿ ಹ್ಯಾಸ್ ಇನ್‌ಲೇಡ್ ಫೋರ್ ಫ್ಲವರ್ಸ್ ಸಿನ್ಸ್ ಮಾರ್ನಿಂಗ್’. ಎರಡರಲ್ಲೂ ‘ಬೆಳಿಗ್ಗೆಯಿಂದ’ ಇದೆ ಎಂಬುದನ್ನು ಗಮನಿಸಿ: ‘ಸಿನ್ಸ್’ ಕಂಡ ಕೂಡಲೇ ‘ಹ್ಯಾಸ್ ಬೀನ್’ ಹಾಕಬೇಕೆಂದು ಗೈಡುಗಳಲ್ಲಿ ಕಲಿಸುವ ಸೂತ್ರ ಇಲ್ಲಿ ಕೈಕೊಡುತ್ತದೆ, ಏಕೆಂದರೆ ತೀರ್ಮಾನ ಮಾಡುವುದು ‘ನಾಲ್ಕು’ ಎಂಬ ಸಂಖ್ಯೆ.

ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ಕಲಬುರಗಿಯ ಒಂದು ಮೌಲ್ಯಮಾಪನ ಕೇಂದ್ರದಲ್ಲಿ, ಉಪನ್ಯಾಸಕನಾದ ಹೊಸತರಲ್ಲಿ, ದಿನದ ಕೊನೆಗೆ ಕೊಡಬೇಕಾದ ಚೀಟಿಯಲ್ಲಿ ‘ಐ ಹ್ಯಾವ್ ಬೀನ್ ವ್ಯಾಲ್ಯೂಯಿಂಗ್ ಫಾರ್ಟಿ ಸ್ಕ್ರಿಪ್ಟ್ಸ್’ ಎಂದು ಗತ್ತಿನಿಂದ ಬರೆದೆ. ಮೇಲ್ವಿಚಾರಕರು ಕನ್ನಡಕ ಹಣೆಗೇರಿಸಿ, ‘ನಲವತ್ತು ಕೊಟ್ಟಿದ್ದು ಗೊತ್ತು, ಮುಗಿದದ್ದು ಎಷ್ಟು?’ ಎಂದರು. ನಲವತ್ತೂ ಮುಗಿದಿದ್ದವು, ಆದರೆ ನನ್ನ ವಾಕ್ಯ ಆ ನಲವತ್ತರ ನಡುವೆ ಇನ್ನೂ ಓಡಾಡುತ್ತಿದ್ದೇನೆ ಎಂದು ಹೇಳುತ್ತಿತ್ತು. ‘ಐ ಹ್ಯಾವ್ ವ್ಯಾಲ್ಯೂಡ್ ಫಾರ್ಟಿ’ ಎಂದಿದ್ದರೆ ಮಾತು ಅಲ್ಲಿಗೆ ಮುಗಿಯುತ್ತಿತ್ತು.

ಒಂದು ಕಡೆ ಮಾತ್ರ ನಿಮ್ಮ ಗೆಳೆಯರ ಸಲಹೆಯನ್ನು ಎಚ್ಚರದಿಂದ ಬಳಸಬೇಕು. ‘ಹ್ಯಾವ್ ಬೀನ್ ಮೇಕಿಂಗ್’ ಎಂದರೆ ಕೆಲಸ ಈ ಗಳಿಗೆಯಲ್ಲೂ ನಡೆದಿದೆ ಎಂಬ ಖಾತರಿ ಇಲ್ಲ. ತಂದೆಯವರು ಅರ ಕೆಳಗಿಟ್ಟು ಚಹಾಕ್ಕೆ ಎದ್ದು ಬಂದಿದ್ದಾರೆ, ಅಂಗಿಯ ಮೇಲೆ ಲೋಹದ ಪುಡಿ ಇದೆ, ಬಂದ ಅತಿಥಿ ಅದೇನೆಂದು ಕೇಳುತ್ತಾರೆ. ಆಗ ನೀವು ಹೇಳುವುದು ‘ಹಿ ಹ್ಯಾಸ್ ಬೀನ್ ಫೈಲಿಂಗ್’. ಉಜ್ಜುವ ಕೆಲಸ ನಿಂತು ಐದು ನಿಮಿಷವಾಗಿದೆ, ಅದರ ಗುರುತು ಮಾತ್ರ ಅಂಗಿಯ ಮೇಲೆ ಉಳಿದಿದೆ. ಈ ರೂಪ ಮುಗಿಯಿತೋ ಇಲ್ಲವೋ ಎಂಬುದರ ಬಗ್ಗೆ ಮೌನವಾಗಿರುತ್ತದೆ. ಹಣ ಕೊಟ್ಟು ಕಾಯುತ್ತಿರುವ ಗಿರಾಕಿಗೆ ಆ ಮೌನ ಸಾಲದು. ಆದ್ದರಿಂದ ವ್ಯವಹಾರದ ಪತ್ರದಲ್ಲಿ ‘ಇಟ್ ಈಸ್ ನಾಟ್ ರೆಡಿ ಯೆಟ್’ ಎಂಬ ಪುಟ್ಟ ವಾಕ್ಯವನ್ನು ಪಕ್ಕದಲ್ಲೇ ಸೇರಿಸಿ. ವ್ಯಾಕರಣದ ಸೂಕ್ಷ್ಮವನ್ನು ಗಿರಾಕಿ ಹಿಡಿಯುತ್ತಾರೆಂದು ನಂಬಿ ಪಾರ್ಸಲಿನ ವ್ಯವಹಾರ ನಡೆಸುವುದು ಒಳ್ಳೆಯದಲ್ಲ.

ಇನ್ನು ಅವಧಿ ಎಷ್ಟೇ ಉದ್ದವಿದ್ದರೂ ‘ಬೀನ್’ ರೂಪವನ್ನು ಒಪ್ಪದ ಕ್ರಿಯಾಪದಗಳಿವೆ. ತಿಳಿದಿರುವುದು, ಒಡೆತನ, ನಂಬಿಕೆ ಇಂಥವು ಮಾಡುವ ಕೆಲಸಗಳಲ್ಲ, ಇರುವ ಸ್ಥಿತಿಗಳು. ನಿಮ್ಮ ಪರಿಚಯಪತ್ರದಲ್ಲಿ ‘ಮೈ ಫಾದರ್ ಹ್ಯಾಸ್ ಬೀನ್ ನೋಯಿಂಗ್ ದಿಸ್ ಕ್ರಾಫ್ಟ್ ಫಾರ್ ಥರ್ಟಿ ಇಯರ್ಸ್’ ಎಂದು ಬರೆಯುವ ಆಸೆ ಬಂದರೆ ತಡೆದುಕೊಳ್ಳಿ. ‘ಹ್ಯಾಸ್ ನೋನ್’ ಎಂಬುದೇ ಸರಿ. ‘ಯಾವಾಗಲೂ’ ಎಂಬ ಅರ್ಥದ ‘ಆಲ್‌ವೇಸ್’ ಬಂದಾಗಲೂ ಸಾಮಾನ್ಯವಾಗಿ ಹೀಗೆಯೇ: ‘ವಿ ಹ್ಯಾವ್ ಆಲ್‌ವೇಸ್ ಲಿವ್ಡ್ ಇನ್ ಬೀದರ್’.

ಈಗ ನಿಮ್ಮ ಇಮೇಲನ್ನು ತಿದ್ದಿ ಬರೆಯೋಣ. ಮುಗಿದ ಹಂತಗಳಿಗೆ ಪ್ರೆಸೆಂಟ್ ಪರ್ಫೆಕ್ಟ್, ನಡೆದಿರುವ ಹಂತಕ್ಕೆ ಕಂಟಿನ್ಯೂಯಸ್ ಎಂದು ಪಾಲು ಮಾಡಿಕೊಂಡರೆ ಗಿರಾಕಿಗೆ ಹೂದಾನಿ ಎಲ್ಲಿಯವರೆಗೆ ಬಂದಿದೆ ಎಂಬುದು ಕಣ್ಣಿಗೆ ಕಟ್ಟುತ್ತದೆ: ‘ವಿ ಹ್ಯಾವ್ ಬೀನ್ ವರ್ಕಿಂಗ್ ಆನ್ ಯುವರ್ ವಾಸ್ ಫಾರ್ ಟ್ವೆಂಟಿ ಡೇಸ್. ಮೈ ಫಾದರ್ ಹ್ಯಾಸ್ ಕಾಸ್ಟ್ ದ ಬಾಡಿ ಅಂಡ್ ಎನ್‌ಗ್ರೇವ್ಡ್ ದ ಪ್ಯಾಟರ್ನ್. ಹಿ ಹ್ಯಾಸ್ ಬೀನ್ ಇನ್‌ಲೇಯಿಂಗ್ ದ ಸಿಲ್ವರ್ ಸಿನ್ಸ್ ಮಂಡೇ ಅಂಡ್ ಹ್ಯಾಸ್ ಫಿನಿಶ್ಡ್ ಹಾಫ್ ಆಫ್ ಇಟ್. ದ ವಾಸ್ ಈಸ್ ನಾಟ್ ರೆಡಿ ಯೆಟ್.’ ಮೊದಲ ವಾಕ್ಯದಲ್ಲಿ ‘ಮೇಕಿಂಗ್’ ಬದಲು ‘ವರ್ಕಿಂಗ್ ಆನ್’ ಇಟ್ಟದ್ದು ಬೇಕೆಂದೇ. ಒಂದೇ ವಸ್ತುವಿನ ಮೇಲೆ ದಿನಗಟ್ಟಲೆ ಕೈಯಾಡಿಸುವ ಕೆಲಸಕ್ಕೆ ಇಂಗ್ಲಿಷಿನವರು ಹೆಚ್ಚಾಗಿ ಹೇಳುವುದು ಹೀಗೆ. ಮೂರನೆಯ ವಾಕ್ಯದಲ್ಲಿ ಎರಡು ರೂಪಗಳೂ ಅಕ್ಕಪಕ್ಕ ಕೂತಿವೆ: ಸೋಮವಾರದಿಂದ ಎಂಬ ಅವಧಿಗೆ ಒಂದು, ಅರ್ಧ ಎಂಬ ಲೆಕ್ಕಕ್ಕೆ ಇನ್ನೊಂದು.

ಹೂದಾನಿ ಮುಗಿದ ದಿನ ಬರೆಯಬೇಕಾದದ್ದು ‘ವಿ ಹ್ಯಾವ್ ಫಿನಿಶ್ಡ್ ಯುವರ್ ವಾಸ್’. ಅದಕ್ಕೆ ‘ಆನ್ ಫ್ರೈಡೇ’ ಎಂದು ವಾರವನ್ನು ಸೇರಿಸುವಿರಾದರೆ ಮಾತ್ರ ‘ಹ್ಯಾವ್’ ತೆಗೆದು ‘ವಿ ಫಿನಿಶ್ಡ್ ಇಟ್ ಆನ್ ಫ್ರೈಡೇ’ ಎಂದು ಬರೆಯಿರಿ. ಮುಗಿದುಹೋದ ನಿರ್ದಿಷ್ಟ ದಿನವನ್ನು ಹೆಸರಿಸಿದ ವಾಕ್ಯದಲ್ಲಿ ಈ ಎರಡು ರೂಪಗಳಲ್ಲಿ ಯಾವುದೂ ನಿಲ್ಲುವುದಿಲ್ಲ. ಇಪ್ಪತ್ತೈದು ದಿನ ಹಿಡಿಯಿತು ಎಂದೂ ಹೇಳಬೇಕಿದ್ದರೆ, ಮೊದಲ ಇಮೇಲಿನಲ್ಲಿ ನಿಮ್ಮ ಗಿರಾಕಿ ಊಹಿಸಿಕೊಂಡ ಆ ವಾಕ್ಯಕ್ಕೆ ಈಗ ಸಮಯ ಬಂದಿರುತ್ತದೆ: ‘ಇಟ್ ಟುಕ್ ಟ್ವೆಂಟಿ ಫೈವ್ ಡೇಸ್’.