ಗೇಟಿನ ಬೋರ್ಡಿಗೆ ಒಂದು ಸಾಲು: ಅಡಿಕೆ ಸಸಿಯ ಆ ಪ್ಯಾರಾವನ್ನು ಹೇಗೆ ಕುಗ್ಗಿಸೋದು

ಕೇಳಿದ್ದು: "ನಮ್ಮ ನರ್ಸರಿ ಗೇಟಿಗೆ 4 ಅಡಿ ಅಗಲ, 2 ಅಡಿ ಎತ್ತರದ ಬೋರ್ಡ್ ಮಾಡಿಸ್ತಾ ಇದ್ದೀವಿ. ಈ ಪ್ಯಾರಾ ಹಾಕೋಣ ಅಂತಿದ್ದೆ, ಪೇಂಟರ್ ಆಗಲ್ಲ ಅಂದ. ಅರ್ಥ ಕೆಡದ ಹಾಗೆ ಒಂದೇ ಸಾಲು ಮಾಡಿಕೊಡಿ. 'ಯಶಸ್ಸು ಒಂದೇ ದಿನದಲ್ಲಿ ಬರುವುದಿಲ್ಲ. ನಮ್ಮ ಹಿರಿಯರು ಅಡಿಕೆ ಸಸಿ ನೆಟ್ಟು ಐದಾರು ವರ್ಷ ಒಂದು ಕಾಯಿಯನ್ನೂ ಕಾಣಲಿಲ್ಲ. ನೋಡಿದವರು ನಕ್ಕರು. ಆದರೂ ಪ್ರತಿ ಬೇಸಿಗೆ ತಪ್ಪದೆ ನೀರು ಹಾಯಿಸಿದರು. ಇವತ್ತು ನಾವು ತಿನ್ನುತ್ತಿರುವುದು ಆ ನೀರಿನ ಫಲ. ತಾಳ್ಮೆ, ಪರಿಶ್ರಮ, ಆತ್ಮವಿಶ್ವಾಸ ಇದ್ದರೆ ಯಾವುದೂ ಅಸಾಧ್ಯವಲ್ಲ.'"

ಅಣ್ಣ, ಮೊದಲು ಒಂದು ಪೆನ್ಸಿಲ್ ತಗೊಂಡು ಪ್ಯಾರಾದ ಮೊದಲನೇ ವಾಕ್ಯ ಮತ್ತು ಕೊನೇ ವಾಕ್ಯ ಎರಡನ್ನೂ ಹೊಡೆದುಹಾಕಿ. ಬೇಜಾರಾಗಬೇಡಿ. ಅವೆರಡನ್ನು ಜಿಮ್ ಗೋಡೆಗೆ ಬರೆದರೂ ನಡೆಯುತ್ತದೆ, ಟ್ಯೂಷನ್ ಸೆಂಟರಿಗೂ ನಡೆಯುತ್ತದೆ. ಎಲ್ಲಿಗಾದರೂ ಹೊಂದುವ ಮಾತು ನಿಮ್ಮ ಗೇಟಿನ ಮಾತಲ್ಲ.

ಈಗ ಉಳಿದದ್ದರಲ್ಲಿ 'ಆದರೂ' ಎಲ್ಲಿದೆ ನೋಡಿ. ಇಂಥ ಹುರಿದುಂಬಿಸುವ ಬರಹಗಳಲ್ಲಿ ತಿರುಳು ಬಹುತೇಕ ಅಲ್ಲೇ ಅಡಗಿರುತ್ತದೆ. ನಿಮ್ಮದರಲ್ಲಿ 'ಆದರೂ' ಆ ಕಡೆ ಕಾಯಿ ಇಲ್ಲ, ಈ ಕಡೆ ನೀರು ಹಾಯಿಸಿದರು. ಈ ಎರಡೂ ಸಾಲಿನಲ್ಲಿ ಇರಲೇಬೇಕು. ಒಂದು ಬಿಟ್ಟರೂ ಅದು ಬೇರೆ ಮಾತಾಗುತ್ತದೆ. ನಕ್ಕವರ ವಿಷಯ ಚೆನ್ನಾಗಿದೆ, ಆದರೆ ಅದು ಒಗ್ಗರಣೆ, ಬಿಡಬಹುದು.

ಮೇಲೆ ಕಾಮೆಂಟಿನಲ್ಲಿ ಮೇಷ್ಟ್ರೊಬ್ಬರು 'ತಾಳಿದವನು ಬಾಳಿಯಾನು ಅಂತ ಗಾದೆಯೇ ಇದೆಯಲ್ಲ, ಅದನ್ನೇ ಹಾಕಿ' ಅಂದಿದ್ದಾರೆ. ಅರ್ಧ ಸರಿ. ಕಿವಿಗೆ ಹಿತ, ಎಲ್ಲರಿಗೂ ಗೊತ್ತು. ಆದರೆ ತಾಳೋದು ಅಂದರೆ ಸಹಿಸಿಕೊಂಡು ಇರೋದು. ನಿಮ್ಮ ಅಜ್ಜ ಸುಮ್ನೆ ಕಾಯಲಿಲ್ಲ, ನೀರು ಹಾಯಿಸಿದರು. ಸುಮ್ನೆ ತಾಳಿದ್ದರೆ ಎರಡನೇ ಬೇಸಿಗೆಗೇ ಸಸಿ ಒಣಗಿಹೋಗುತ್ತಿತ್ತು, ಅಲ್ವಾ?

ನಾನು ಹಾಳೆ ಮೇಲೆ ಮಾಡಿದ್ದನ್ನು ಹಾಗೇ ಹಾಕುತ್ತೇನೆ.

ಮೊದಲು ಬಂದದ್ದು 'ಫಲ ಕಾಣದ ವರ್ಷಗಳಲ್ಲೂ ನೀರು ನಿಲ್ಲಿಸದವನಿಗೆ ತೋಟ ಒಲಿಯುತ್ತದೆ'. ಅರ್ಥ ಪೂರ್ತಿ ಇದೆ. ಆದರೆ ಬಾಯಲ್ಲಿ ನಿಲ್ಲುವುದಿಲ್ಲ. 'ಕಾಣದ', 'ನಿಲ್ಲಿಸದ' ಅಂತ ಎರಡು ಇಲ್ಲಗಳು, ಮೇಲೆ ಕೊನೆಯಲ್ಲಿ ಒಂದು ಉದ್ದ ಕ್ರಿಯಾಪದ. ನಮ್ಮ ಗಾದೆಗಳನ್ನು ನೋಡಿ, 'ಕೈ ಕೆಸರಾದರೆ ಬಾಯಿ ಮೊಸರು' ಅನ್ನುವಲ್ಲಿ ಕೊನೆಗೆ 'ಆಗುತ್ತದೆ' ಅಂತ ಇಲ್ಲ, ಮೊಸರು ಅಂದ ತಕ್ಷಣ ಮಾತು ಮುಗಿಯಿತು. ಹಾಗಾಗಿ ಬಾಲದ ಕ್ರಿಯಾಪದ ಕತ್ತರಿಸಿದೆ.

ಆಮೇಲೆ ಅತಿಯಾಸೆಗೆ ಬಿದ್ದು 'ಕಾದವನಿಗೆ ಕಾಯಿ' ಅಂತ ಮಾಡಿದೆ. ಎರಡೇ ಪದ, ನನಗೆ ನಾನೇ ಬೆನ್ನು ತಟ್ಟಿಕೊಂಡೆ. ಕಾಯೋದು ಅಂದರೆ ತೋಟ ಕಾಯೋದೂ ಹೌದಲ್ಲ, ಆರೈಕೆಯೂ ಬಂತು ಅಂತ ನನ್ನ ಲೆಕ್ಕ. ಮನೆಯವಳಿಗೆ ಓದಿದೆ. 'ಬಸ್ ಸ್ಟ್ಯಾಂಡಿಗೆ ಹಾಕಿ' ಅಂದಳು. ಓದುವವನಿಗೆ ಮೊದಲು ಹೊಳೆಯುವ ಅರ್ಥವೇ ಬೋರ್ಡಿನ ಅರ್ಥ. ನಾವು ಪಕ್ಕದಲ್ಲಿ ನಿಂತು ವಿವರಿಸಲು ಆಗುವುದಿಲ್ಲ.

ಮೂರನೆಯದು 'ನೆಟ್ಟವನಿಗಲ್ಲ, ನೀರು ಬಿಟ್ಟವನಿಗೆ ಕಾಯಿ'. ನೆಟ್ಟ, ಬಿಟ್ಟ ಅಂತ ಪ್ರಾಸ ಚೆನ್ನಾಗಿ ಕೂತಿತು. ಆದರೆ 'ನೀರು ಬಿಟ್ಟ' ಅಂದಾಗ ಎಳ್ಳುನೀರು ಬಿಟ್ಟದ್ದು ನೆನಪಾಗುವವರೂ ಇದ್ದಾರೆ! ಅದೂ ಅಲ್ಲದೆ ಸಸಿ ಮಾರುವ ಗೇಟಿನಲ್ಲಿ 'ನೆಟ್ಟವನಿಗಲ್ಲ' ಅಂತ ಶುರು ಮಾಡಿದರೆ ನಿಮ್ಮ ವ್ಯಾಪಾರದ ಗತಿ ಏನು.

ಕೊನೆಗೆ ನಿಮ್ಮದೇ ಪ್ಯಾರಾದ 'ಹಾಯಿಸಿದರು' ಅನ್ನುವ ಪದ ಕೈ ಹಿಡಿಯಿತು. ಹಾಯಿ, ಕಾಯಿ, ಎರಡನೇ ಅಕ್ಷರ ಎರಡರಲ್ಲೂ 'ಯಿ'. ನಮ್ಮ ಹಳೇ ಪದ್ಯಗಳ ಪ್ರಾಸ ಕೂರುವುದೂ ಎರಡನೇ ಅಕ್ಷರದ ಮೇಲೇ. ಹೀಗಾಯಿತು:

ಕಾಯಿಲ್ಲದಾಗ ಹಾಯಿಸಿದ ನೀರೇ ಕಾಯಿ

ನಾಲ್ಕು ಪದ. 'ನೀರೇ' ಅನ್ನುವಲ್ಲಿ ಇರುವ ಆ ದೀರ್ಘ 'ಏ' ತೆಗೆದು ಓದಿ ನೋಡಿ, ಸಾಲು ಸತ್ತೇಹೋಗುತ್ತದೆ. 'ಇವತ್ತು ನಾವು ತಿನ್ನುತ್ತಿರುವುದು ಆ ನೀರಿನ ಫಲ' ಅನ್ನುವ ನಿಮ್ಮ ಇಡೀ ವಾಕ್ಯವನ್ನು ಹೊತ್ತಿರುವುದು ಅದೊಂದೇ. ಪೇಂಟರ್ ಅದನ್ನು 'ನೀರೆ' ಮಾಡದ ಹಾಗೆ ನೋಡಿಕೊಳ್ಳಿ, ನೀರೆ ಅಂದರೆ ಹೆಂಗಸು.

ಇದರಲ್ಲೂ ಎರಡು ತೊಡಕು ಇದೆ. ಒಂದು, 'ಕಾಯಿಲ್ಲದಾಗ' ಅಂತ ಕೂಡಿಸಿ ಬರೆದರೆ ದೂರದಿಂದ 'ಕಾಯಿಲೆ' ಅಂತ ಕಾಣಬಹುದು, ನರ್ಸರಿ ಮುಂದೆ ಅದು ಬೇಡ. 'ಕಾಯಿ ಇಲ್ಲದಾಗ' ಅಂತ ಬಿಡಿಸಿ ಬರೆಸಿ. ಇನ್ನೊಂದು, ಗೆಳೆಯರೊಬ್ಬರು ಇದನ್ನು ಕೇಳಿ 'ಕೊಯ್ಲು ಮುಗಿದ ಮೇಲೂ ನೀರು ಕೊಡಬೇಕು ಅಂತಲಾ?' ಅಂದರು. ಅವರು ಹೇಳಿದ್ದು ತಪ್ಪಲ್ಲ. ಅದನ್ನು ತಪ್ಪಿಸಬೇಕು ಅಂದರೆ 'ಕಾಯಿ ಕಾಣುವ ಮುಂಚೆ ಹಾಯಿಸಿದ ನೀರೇ ಕಾಯಿ' ಅನ್ನಬೇಕು. ಅರ್ಥ ಗಟ್ಟಿ, ಆದರೆ ಆರು ಪದ, ಓಟ ಸ್ವಲ್ಪ ಮುಗ್ಗರಿಸುತ್ತದೆ. ನನಗೆ ಮೊದಲನೆಯದೇ ಇಷ್ಟ. ನಮ್ಮ ತಮ್ಮನಿಗೆ ಎರಡನೆಯದು. ಇದು ಇನ್ನೂ ತೀರ್ಮಾನವಾಗಿಲ್ಲ.

'ಕಾಯಕವೇ ಕೈಲಾಸ ಥರ ಎರಡೇ ಪದ ಸಾಕು' ಅಂದ ಅಕ್ಕನಿಗೆ ಒಂದು ಮಾತು. ಅದು ಆಯ್ದಕ್ಕಿ ಮಾರಯ್ಯನ ವಚನದ ಒಂದು ತುಂಡು. ಕಾಯಕದಲ್ಲಿ ನಿರತನಾದರೆ ಗುರುದರ್ಶನವನ್ನೂ ಮರೆಯಬೇಕು, ಲಿಂಗಪೂಜೆಯನ್ನೂ ಮರೆಯಬೇಕು ಅಂತ ಶುರುವಾಗಿ, 'ಕಾಯಕವೇ ಕೈಲಾಸವಾದ ಕಾರಣ' ಅಂತ ಬರುತ್ತದೆ. ಅಲ್ಲಿರುವ ದಿಟ್ಟತನ ಈ ಎರಡು ಪದದಲ್ಲಿ ಉಳಿದಿಲ್ಲ. ಈಗ ಆಫೀಸು ಗೋಡೆಯಲ್ಲಿ ಅದನ್ನು ಓದಿದರೆ 'ಚೆನ್ನಾಗಿ ಕೆಲಸ ಮಾಡಿ' ಅಂದಷ್ಟೇ ಕೇಳಿಸುತ್ತದೆ. ಚಿಕ್ಕದಾದಷ್ಟೂ ಒಳ್ಳೆಯದು ಅಂತ ಏನಿಲ್ಲ.

ಬರೆಸುವ ಮುಂಚೆ ನಾಲ್ಕು ಜನರ ಕೈಲಿ ಜೋರಾಗಿ ಓದಿಸಿ. ನಾನು ಒಮ್ಮೆ ಮಕ್ಕಳ ಆಟದ ಮೈದಾನಕ್ಕೆ 'ಬಿದ್ದರೂ ಏಳು' ಅಂತ ಬರೆದುಕೊಟ್ಟಿದ್ದೆ. ಮರುದಿನದಿಂದ ಹುಡುಗರು 'ಬಿದ್ದರೂ ಏಳು, ಎದ್ದರೆ ಎಷ್ಟು?' ಅಂತ ಹಾಡಿಕೊಂಡು ಓಡಾಡಿದರು. ಓದಿಸಿದ ಮೇಲೆ ಎರಡು ದಿನ ಬಿಟ್ಟು, ಬೋರ್ಡ್ ತೋರಿಸದೆ 'ಏನಿತ್ತು ಹೇಳಿ' ಅಂತ ಕೇಳಿ. ಪದ ತಪ್ಪಿದರೂ ಪರವಾಗಿಲ್ಲ, ಕಾಯಿ ಇಲ್ಲದ್ದು ಮತ್ತು ನೀರು, ಎರಡೂ ಬಾಯಿಗೆ ಬರಬೇಕು. ಬರೀ 'ತಾಳ್ಮೆ ಬಗ್ಗೆ ಏನೋ ಇತ್ತು' ಅಂದರೆ ಸಾಲು ಸೋತಿದೆ, ಮತ್ತೆ ಕೂರಬೇಕು.

ಬೋರ್ಡಿನ ಲೆಕ್ಕ ಹೀಗೆ. ಸುಮಾರು 10 ಅಡಿ ದೂರಕ್ಕೆ ಅಕ್ಷರ 1 ಇಂಚು ಎತ್ತರ ಇದ್ದರೆ ಆರಾಮಾಗಿ ಓದಬಹುದು. 'ಕಾಯಿ ಇಲ್ಲದಾಗ' ಮೇಲೆ, 'ಹಾಯಿಸಿದ ನೀರೇ ಕಾಯಿ' ಕೆಳಗೆ ಬರೆಸಿದರೆ ನಿಮ್ಮ 4 ಅಡಿ ಅಗಲದಲ್ಲಿ ಸುಮಾರು 3 ಇಂಚಿನ ಅಕ್ಷರ ಕೂರುತ್ತದೆ, ರಸ್ತೆ ಆಚೆಯಿಂದಲೇ ಕಾಣುತ್ತದೆ. ಒತ್ತಕ್ಷರ ಒಂದೇ ಇದೆ, 'ಇಲ್ಲ'ದ್ದು. ಅದಕ್ಕೆ ಸಾಲಿನ ಮಧ್ಯೆ ಜಾಗ ಬಿಡಲು ಹೇಳಿ.

ಮೇಲೆ ಒಬ್ಬರು 'ನಮ್ಮ ಎರಡು ವರ್ಷದ ಸಸಿಯ ಗರಿ ಹಳದಿಯಾಗಿದೆ, ಇದಕ್ಕೂ ನೀರೇ ಕಾರಣವಾ' ಅಂತ ಕೇಳಿದ್ದಾರೆ. ಸ್ವಾಮಿ, ಇಲ್ಲಿ ಬೋರ್ಡಿನ ಮಾತು ನಡೀತಿದೆ. ಬುಡದಲ್ಲಿ ನೀರು ನಿಲ್ಲುತ್ತಾ ಅಂತ ನೋಡಿ, ಫೋಟೋ ಜೊತೆ ಬೇರೆ ಪೋಸ್ಟ್ ಹಾಕಿ, ಅಲ್ಲಿ ನೋಡೋಣ.