ತೆಂಗಿನ ಸಕ್ಕರೆಯ ‘ಜಿಐ 35’ ಎಷ್ಟು ನಿಜ?

> “ಹುಬ್ಬಳ್ಳಿ ಅಂಗಡಿಯಲ್ಲಿ ತೆಂಗಿನ ಸಕ್ಕರೆ ಪ್ಯಾಕೆಟ್ ಮೇಲೆ ‘ಜಿಐ 35, ಶುಗರ್ ಇದ್ದವರಿಗೂ ಒಳ್ಳೇದು’ ಅಂತ ಇತ್ತು. ಅಪ್ಪನ ಚಹಾಕ್ಕೆ ಹಾಕಬಹುದಾ?”

ಸಕ್ಕರೆ ಅಂತಲೇ ಲೆಕ್ಕ ಹಿಡೀರಿ. ಜಿಐ ಅಂದ್ರೆ ಒಂದು ಆಹಾರ ರಕ್ತದಲ್ಲಿ ಸಕ್ಕರೆಯನ್ನು ಎಷ್ಟು ಬೇಗ ಏರಿಸುತ್ತದೆ ಅನ್ನುವ ಅಂಕಿ, ಕಡಿಮೆ ಇದ್ದಷ್ಟೂ ನಿಧಾನ. ಆ 35 ಸುಮ್ನೆ ಹುಟ್ಟಿದ ಅಂಕಿಯಲ್ಲ. ಫಿಲಿಪೈನ್ಸ್‌ನ ಸರ್ಕಾರಿ ಆಹಾರ ಸಂಶೋಧನಾ ಸಂಸ್ಥೆ ಕೇವಲ 10 ಜನರ ಮೇಲೆ ಮಾಡಿದ ಪರೀಕ್ಷೆಯದು. ಸಿಡ್ನಿ ವಿಶ್ವವಿದ್ಯಾಲಯದವರು ಅಳೆದಾಗ 54 ಬಂತು. ಬಿಳಿ ಸಕ್ಕರೆಯದು ಸುಮಾರು 65. ಅಂಗಡಿಯವರು ಯಾವುದನ್ನು ಅಚ್ಚು ಹಾಕಿಸ್ತಾರೆ, ಹೇಳಬೇಕಿಲ್ಲ ಅಲ್ವಾ!

ತೆಂಗಿನ ಹೊಂಬಾಳೆಯ ನೀರಾ ಕಾಯಿಸಿ ಮಾಡುವ ಈ ಸಕ್ಕರೆಯಲ್ಲಿ ಮುಕ್ಕಾಲು ಪಾಲು ಸುಕ್ರೋಸ್. ಬಿಳಿ ಸಕ್ಕರೆಯಲ್ಲಿರೋದೂ ಅದೇ. ಇನುಲಿನ್ ಅನ್ನುವ ನಾರು ಇದೆ ಅಂತಾರೆ, ಆದರೆ ಒಂದು ಚಮಚದಲ್ಲಿ ಅದು ಲೆಕ್ಕಕ್ಕೆ ಸಿಗದಷ್ಟು.

ಚಹಾದ ಲೆಕ್ಕ ನೋಡಿ. ಎರಡು ಚಮಚ ಅಂದ್ರೆ ಸುಮಾರು 8 ಗ್ರಾಂ. ಗ್ರಾಂ ಅನ್ನು ಜಿಐನಿಂದ ಗುಣಿಸಿ 100ರಿಂದ ಭಾಗಿಸಿದರೆ ಸಕ್ಕರೆ ಏರಿಕೆಯ ಭಾರ ಸಿಗುತ್ತದೆ. ಬಿಳಿಯದಕ್ಕೆ 5.2, ತೆಂಗಿನದಕ್ಕೆ ಸಿಡ್ನಿಯ 54 ಹಿಡಿದರೆ 4.3. ಒಂದು ಅಂಕದಷ್ಟೂ ವ್ಯತ್ಯಾಸವಿಲ್ಲ. ಜೊತೆಗೆ ಒಂದು ಪ್ಲೇಟ್ ಗಿರ್ಮಿಟ್ ತಿಂದ್ರೆ ಚುರುಮುರಿಯೇ ಇದಕ್ಕಿಂತ ಜಾಸ್ತಿ ಏರಿಸುತ್ತದೆ.

ರುಚಿ ಹಿಡಿಸಿದರೆ ಹಾಕಿ, ಆದರೆ ‘ಒಳ್ಳೇದು’ ಅಂತ ಮೂರನೇ ಚಮಚ ಬೇಡ. ಬಿಳಿ ಸಕ್ಕರೆಯನ್ನೇ ಎರಡರಿಂದ ಒಂದಕ್ಕೆ ಇಳಿಸಿದರೆ ಭಾರ 2.6ಕ್ಕೆ ಬರುತ್ತದೆ, ದುಡ್ಡೂ ಉಳಿಯುತ್ತದೆ.